ಆಸ್ಪತ್ರೆಯಲ್ಲಿರುವ ಗೆಳೆಯನಿಗೆ "ಬೇಗ ಗುಣಮುಖನಾಗು" ಎನ್ನದೆ ಏನೆಂದು ಬರೆಯಲಿ?

ಹೊಳೆಬದಿ (ಪ್ರಶ್ನೆ ಕೇಳಿದವರು)

ಸಾಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವನು ನಾನು. ಹೈಸ್ಕೂಲಿನಿಂದ ಜೊತೆಗಿರುವ ಗೆಳೆಯನೊಬ್ಬ ಪಕ್ಕದ ಊರಿನಲ್ಲಿ ಗಣಿತದ ಮೇಷ್ಟರು. ಅವನ ಮೂರು ಎಕರೆ ತೋಟವೂ ನನ್ನ ತೋಟಕ್ಕೆ ಹೊಂದಿಕೊಂಡೇ ಇದೆ. ಅವನಿಗೆ ಎಎಂಎಲ್ ಎಂಬ ಬಗೆಯ ರಕ್ತದ ಕ್ಯಾನ್ಸರ್ ಇರುವುದು ತಿಳಿದು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಏಳು ದಿನಗಳ ಕೀಮೋ ಕೊಟ್ಟಿದ್ದಾರೆ. ಕೀಮೋ ಆರಂಭವಾಗಿ ಇಂದಿಗೆ ಹನ್ನೊಂದನೆಯ ದಿನ. ಪ್ರತ್ಯೇಕ ಕೋಣೆಯಲ್ಲಿಟ್ಟಿರುವುದರಿಂದ ಅವನ ಹೆಂಡತಿಯನ್ನು ಬಿಟ್ಟು ಬೇರೆ ಯಾರಿಗೂ ಒಳಗೆ ಪ್ರವೇಶವಿಲ್ಲ.

ನಿನ್ನೆ ಅತ್ತಿಗೆ ಫೋನಿನಲ್ಲಿ ಹೇಳಿದ ಮಾತಿನಿಂದಾಗಿ ಈ ಪ್ರಶ್ನೆ ಕೇಳುತ್ತಿದ್ದೇನೆ. ಶಾಲೆಯವರು, ನೆಂಟರು, ಹಳೆಯ ವಿದ್ಯಾರ್ಥಿಗಳು ಎಲ್ಲರೂ ಸೇರಿ ನೂರಕ್ಕೂ ಹೆಚ್ಚು ಸಂದೇಶ ಕಳಿಸಿದ್ದಾರಂತೆ. ಅವನು ಮೊದಲ ಕೆಲವನ್ನು ಓದಿ, ಆಮೇಲೆ ಫೋನನ್ನು ಬೋರಲು ಹಾಕಿ ಗೋಡೆಯ ಕಡೆಗೆ ತಿರುಗಿ ಮಲಗಿದನಂತೆ. ನಾನು ಇನ್ನೂ ಏನನ್ನೂ ಕಳಿಸಿಲ್ಲ. ಬರೆದಿಟ್ಟುಕೊಂಡದ್ದು ಇಷ್ಟು:

"ಪ್ರಿಯ ಗೆಳೆಯ, ನೀನು ಆಸ್ಪತ್ರೆ ಸೇರಿರುವ ವಿಷಯ ತಿಳಿದು ಬಹಳ ದುಃಖವಾಯಿತು. ಧೈರ್ಯಗೆಡಬೇಡ. ನೀನು ಹೋರಾಟಗಾರ, ಇದನ್ನೂ ಗೆದ್ದು ಬರುತ್ತೀಯ. ದೇವರು ಒಳ್ಳೆಯವರ ಕೈ ಬಿಡುವುದಿಲ್ಲ. ಆದಷ್ಟು ಬೇಗ ಗುಣಮುಖನಾಗಿ ಮೊದಲಿನಂತೆ ನಮ್ಮೊಂದಿಗೆ ಸೇರು. ಏನೇ ಬೇಕಾದರೂ ಸಂಕೋಚವಿಲ್ಲದೆ ಹೇಳು."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೂ ಓದಿದರೆ ಇದನ್ನು ಬರೆದವನು ನಾನು ಎಂದು ನನಗೇ ಅನಿಸುತ್ತಿಲ್ಲ. ಎಲ್ಲಿ ಕೆಟ್ಟಿದೆ ಎಂದು ದಯವಿಟ್ಟು ತಿಳಿಸಿ.

ರಾತ್ರಿಪಾಳಿ

ನಾನು ರಕ್ತದ ಕಾಯಿಲೆಗಳ ವಾರ್ಡಿನಲ್ಲಿ ಹದಿನಾಲ್ಕು ವರ್ಷಗಳಿಂದ ದಾದಿಯಾಗಿ ಕೆಲಸ ಮಾಡುತ್ತಿದ್ದೇನೆ. ಮಾತಿನ ವಿಷಯಕ್ಕೆ ಹೋಗುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ: ತನಗೆ ಬಂದಿರುವುದು ಏನು ಎಂದು ನಿಮ್ಮ ಗೆಳೆಯರಿಗೆ ಗೊತ್ತಿದೆಯೇ? ಗೊತ್ತಿದ್ದರೆ ಎಷ್ಟು ಗೊತ್ತಿದೆ? ನಮ್ಮ ಕಡೆ ಮನೆಯವರು ರೋಗಿಯಿಂದ ಕಾಯಿಲೆಯ ಹೆಸರನ್ನು ಮುಚ್ಚಿಡುವುದು ಇಂದಿಗೂ ಸಾಮಾನ್ಯ. "ರಕ್ತ ಕಡಿಮೆಯಾಗಿದೆ, ಅದಕ್ಕೆ ಔಷಧಿ" ಎಂದಷ್ಟೇ ತಿಳಿದು ಮಲಗಿರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಹನ್ನೊಂದನೆಯ ದಿನ ಎಂದರೆ ಏನೆಂದು ತಿಳಿದುಕೊಂಡರೆ ನಿಮ್ಮ ಸಂದೇಶ ತಾನಾಗಿಯೇ ಬದಲಾಗುತ್ತದೆ. ಔಷಧಿ ಮುಗಿದಿದೆ, ಆದರೆ ಅದರ ಪೆಟ್ಟು ಕಾಣುವುದು ಈಗ. ಕೆಟ್ಟ ಕಣಗಳ ಜೊತೆಗೆ ಒಳ್ಳೆಯ ಕಣಗಳೂ ತಳಕ್ಕೆ ಇಳಿದಿರುತ್ತವೆ. ಬಾಯಿ, ಗಂಟಲುಗಳಲ್ಲಿ ಹುಣ್ಣಾಗಿ ನೀರು ನುಂಗಲೂ ಕಷ್ಟವಾಗುವುದು ಈ ಎರಡನೆಯ ವಾರದಲ್ಲಿ. ಜ್ವರ ಬರುವುದೂ, ಕೂದಲು ಉದುರಲು ಆರಂಭಿಸುವುದೂ ಇದೇ ಹೊತ್ತಿಗೆ. ಕಣಗಳು ಮತ್ತೆ ಮೇಲೇಳುವುದಕ್ಕೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ವಾರ ಬೇಕು. ಸುಮಾರು ಇಪ್ಪತ್ತೆಂಟನೆಯ ದಿನ ಮೂಳೆಮಜ್ಜೆಯನ್ನು ತೆಗೆದು ಪರೀಕ್ಷಿಸುವವರೆಗೆ ಔಷಧಿ ಹಿಡಿಯಿತೋ ಇಲ್ಲವೋ ಎಂದು ವೈದ್ಯರೂ ಹೇಳುವಂತಿಲ್ಲ. ಅಂಥ ದಿನದಲ್ಲಿ "ಗೆದ್ದು ಬರುತ್ತೀಯ" ಎಂದು ಓದುವವರಿಗೆ, ಬರೆದವರಿಗೆ ಇಲ್ಲಿಯ ಸ್ಥಿತಿ ಏನೂ ಗೊತ್ತಿಲ್ಲ ಎಂಬುದೊಂದೇ ಸ್ಪಷ್ಟವಾಗುತ್ತದೆ.

ಅವರು ಫೋನ್ ನೋಡುವುದು ಬಹುಶಃ ನಡುರಾತ್ರಿ ನಾವು ಜ್ವರ ನೋಡಲು ಎಬ್ಬಿಸಿದ ಮೇಲೆ, ಮತ್ತೆ ನಿದ್ದೆ ಬಾರದಿದ್ದಾಗ. ಒಂದು ಕೈಗೆ ಔಷಧಿಯ ನಳಿಕೆ ಇರುತ್ತದೆ. ಬೆರಳಿನಿಂದ ಸರಿಸದೆ ಒಂದೇ ನೋಟಕ್ಕೆ ಓದಿ ಮುಗಿಯುವಷ್ಟು ಬರೆಯಿರಿ. ಕರೆ ಮಾಡಬೇಡಿ, ಧ್ವನಿ ಸಂದೇಶವನ್ನೂ ಕಳಿಸಬೇಡಿ.

ಮನೆಮದ್ದು

ಪಪ್ಪಾಯಿ ಎಲೆಯ ರಸವನ್ನು ದಿನಕ್ಕೆ ಎರಡು ಸಲ ಕೊಡಲು ಅವರ ಮನೆಯವರಿಗೆ ತಿಳಿಸಿ. ನನ್ನ ಭಾವನಿಗೆ ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕೆ ಇಳಿದಿತ್ತು, ನಾಲ್ಕೇ ದಿನಗಳಲ್ಲಿ ಏರಿತು. ಸಂದೇಶದಲ್ಲಿ ಇದನ್ನೇ ಬರೆದರೆ ಉಪಕಾರವಾದರೂ ಆಗುತ್ತದೆ.

ರಾತ್ರಿಪಾಳಿ

ನಿಮ್ಮ ಭಾವನವರಿಗೆ ಡೆಂಗಿ ಬಂದಿರಬೇಕು. ಡೆಂಗಿಯಲ್ಲಿ ಜ್ವರ ಇಳಿದ ಕೆಲವು ದಿನಗಳಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಇಲ್ಲಿ ಅದನ್ನು ತಯಾರಿಸುವ ಮಜ್ಜೆಯನ್ನೇ ಔಷಧಿಯಿಂದ ಬರಿದು ಮಾಡಿದ್ದಾರೆ. ಈ ದಿನಗಳಲ್ಲಿ ಬೇಯಿಸದ ಯಾವ ರಸವೂ, ಹೂಗುಚ್ಛವೂ ಕೋಣೆಯೊಳಗೆ ಹೋಗಬಾರದು. ಆರೋಗ್ಯವಂತರಿಗೆ ಏನೂ ಮಾಡದ ಸೂಕ್ಷ್ಮಜೀವಿ ಅವರಿಗೆ ಪ್ರಾಣಾಪಾಯ ತರಬಹುದು. ದಯವಿಟ್ಟು ಇಂಥ ಸಲಹೆಯನ್ನು ಸಂದೇಶದಲ್ಲಿ ಸೇರಿಸಬೇಡಿ. ಅದನ್ನು ಓದಿದ ಮನೆಯವರು ತಾವೇನೋ ಮಾಡದೆ ಬಿಟ್ಟೆವೆಂದು ಕೊರಗುತ್ತಾರೆ.

ಮೂರುಸಾವಿರಮಠ ಓಣಿ

ಮೇಲಿನವರು ಮೊದಲು ಕೇಳಿದ ಪ್ರಶ್ನೆಯನ್ನು ಯಾರೂ ಹಗುರವಾಗಿ ನೋಡಬೇಡಿ. ಹುಬ್ಬಳ್ಳಿಯಲ್ಲಿ ನನ್ನ ತಂದೆಗೆ ಹೊಟ್ಟೆಯ ಕ್ಯಾನ್ಸರ್ ಇದ್ದಾಗ ಅಣ್ಣಂದಿರು ಅವರಿಗೆ "ಹುಣ್ಣು" ಎಂದು ಹೇಳಿದ್ದರು. ದೂರದ ನೆಂಟರೊಬ್ಬರು ಕಳಿಸಿದ "ಕ್ಯಾನ್ಸರನ್ನು ಗೆದ್ದು ಬನ್ನಿ" ಎಂಬ ಸಂದೇಶ ತಂದೆಯ ಫೋನಿನ ಮೇಲೆ ಮೂಡಿತು. ತಂದೆ ಅದನ್ನು ಓದಿ ಫೋನನ್ನು ನನ್ನ ಕೈಗೆ ಕೊಟ್ಟರು, ಏನೂ ಕೇಳಲಿಲ್ಲ. ಆಮೇಲೆ ಬದುಕಿದ್ದ ಐದು ತಿಂಗಳೂ ನಮ್ಮ ಮುಂದೆ ಗೊತ್ತಿಲ್ಲದವರಂತೆಯೇ ಇದ್ದರು. ಸಂದೇಶ ಕಳಿಸಿದವರ ಮೇಲೆ ಆಗ ಬಂದ ಸಿಟ್ಟು ಈಗ ನಮ್ಮ ಮೇಲೆಯೇ ಇದೆ.

ಹೊಳೆಬದಿ

ಅತ್ತಿಗೆಯವರನ್ನು ಕೇಳಿದೆ. ಅವನಿಗೆ ಎಲ್ಲವೂ ಗೊತ್ತಿದೆ. ವೈದ್ಯರ ಎದುರು ಕೂತು ಕಾಗದದ ಮೇಲೆ ದಿನಗಳ ಲೆಕ್ಕ ಬರೆಸಿಕೊಂಡವನೇ ಅವನು. ಮೇಷ್ಟರಲ್ಲವೇ.

ಸಕಾರಾತ್ಮಕ ಬದುಕು

ಎಲ್ಲರೂ ಕಾಯಿಲೆಯನ್ನೇ ಕೆದಕುತ್ತಿದ್ದೀರಿ. ರೋಗಿಯ ಮನಸ್ಸು ಕುಗ್ಗಿದರೆ ಊಟ ಬಿಡುತ್ತಾನೆ, ಔಷಧಿಗೆ ಸಹಕರಿಸುವುದಿಲ್ಲ. ಆದ್ದರಿಂದ ಉತ್ಸಾಹದ ಮಾತೇ ಬೇಕು. "ಗೆಲ್ಲುತ್ತೇನೆ ಎಂದು ದಿನವೂ ಹೇಳಿಕೋ, ದೇಹ ಕೇಳುತ್ತದೆ" ಎಂದು ಬರೆಯಿರಿ. ನಗೆಹನಿಯನ್ನೂ ಸೇರಿಸಿ.

ಎರಡನೆಯ ಕೂದಲು

ನಾನು 2016ರಲ್ಲಿ ಇದೇ ಕಾಯಿಲೆಯಿಂದ ಇಂಥದೇ ಕೋಣೆಯಲ್ಲಿ ಮೂವತ್ನಾಲ್ಕು ದಿನ ಮಲಗಿದ್ದೆ. ಮನಸ್ಸು ಕುಗ್ಗಿದವನು ಊಟ ಬಿಡುತ್ತಾನೆ ಎಂಬುದರಲ್ಲಿ ನಿಜವಿದೆ, ನಾನೂ ಬಿಟ್ಟಿದ್ದೆ. ಆದರೆ "ದೇಹ ಕೇಳುತ್ತದೆ" ಎಂಬ ಮಾತು ನನ್ನನ್ನು ಹೇಗೆ ಕಾಡಿತೆಂದು ಹೇಳುತ್ತೇನೆ. ಹದಿಮೂರನೆಯ ದಿನ ಜ್ವರ ನೂರಮೂರು ಡಿಗ್ರಿ ದಾಟಿದಾಗ, ಹಿಂದಿನ ದಿನ ಅತ್ತದ್ದರಿಂದಲೇ ಹೀಗಾಯಿತು ಎಂದು ನಾನು ನಂಬಿದ್ದೆ. ಜ್ವರ ಬಂದದ್ದು ಸೋಂಕಿನಿಂದ. ಅಷ್ಟು ಸರಳವಾದ ವಿಷಯವನ್ನು ನನಗೆ ದಾದಿಯೊಬ್ಬರು ತಿಳಿಸಿ ಹೇಳಬೇಕಾಯಿತು.

ನಗೆಹನಿಯ ಬಗ್ಗೆ ನನ್ನ ತಕರಾರಿಲ್ಲ, ಆದರೆ ಅದು ನಿಮ್ಮಿಬ್ಬರ ನಡುವೆ ಮೊದಲಿನಿಂದ ಇದ್ದ ನಗೆಯಾಗಿರಬೇಕು. ಬಾಯಿ ಹುಣ್ಣಾದವನು ನಕ್ಕರೆ ತುಟಿ ಬಿರಿಯುತ್ತದೆ ಎಂಬುದೂ ನೆನಪಿರಲಿ.

ಧ್ವನಿ ಸಂದೇಶ ಬೇಡವೆಂದು ರಾತ್ರಿಪಾಳಿಯವರು ಹೇಳಿದ್ದನ್ನು ಮಾತ್ರ ನಾನು ಒಪ್ಪಲಾರೆ. ಓದಲು ಕಣ್ಣು ನಿಲ್ಲದ ದಿನಗಳಲ್ಲಿ ನನ್ನ ತಂಗಿ ಮನೆಯ ಹಿತ್ತಲಿನಲ್ಲಿ ನಿಂತು ಒಂದು ನಿಮಿಷ ಮಾತಾಡಿ ಕಳಿಸುತ್ತಿದ್ದಳು. ಹಿಂದೆ ಕೋಳಿ ಕೂಗುವುದು, ನೀರಿನ ಮೋಟಾರು ಓಡುವುದು ಕೇಳಿಸುತ್ತಿತ್ತು. ನಾನು ಅವನ್ನೇ ಹತ್ತಾರು ಸಲ ಕೇಳುತ್ತಿದ್ದೆ.

ರಾತ್ರಿಪಾಳಿ

ಒಂದು ನಿಮಿಷದ್ದಾದರೆ ಸರಿ. ನಾನು ನೋಡಿದವು ಏಳೆಂಟು ನಿಮಿಷದವು. ಕಳಿಸಿದವರು ಅಳುತ್ತಿರುತ್ತಾರೆ, ರೋಗಿಯೇ ಅವರನ್ನು ಸಮಾಧಾನಪಡಿಸಿ ಮರುಧ್ವನಿ ಕಳಿಸಬೇಕಾಗುತ್ತದೆ.

ನಿವೃತ್ತ ಕನ್ನಡ ಪಂಡಿತ

ಹೊಳೆಬದಿಯವರೇ, ನಿಮ್ಮ ಕರಡಿನ ಕ್ರಿಯಾಪದಗಳನ್ನಷ್ಟೇ ತೆಗೆದು ನೋಡಿ. ಧೈರ್ಯಗೆಡಬೇಡ, ಸೇರು, ಹೇಳು: ಮೂರೂ ಆಜ್ಞೆಗಳು. ಎದ್ದು ಕೂರಲಾಗದವನಿಗೆ ಒಂದೇ ಉಸಿರಿನಲ್ಲಿ ಮೂರು ಕೆಲಸ ಹೇಳಿದ್ದೀರಿ. "ಗೆದ್ದು ಬರುತ್ತೀಯ", "ಕೈ ಬಿಡುವುದಿಲ್ಲ" ಎಂಬವು ಭವಿಷ್ಯದ ಮಾತುಗಳು, ಅವುಗಳಿಗೆ ನೀವು ಹೊಣೆಯಾಗಲಾರಿರಿ. ಕನ್ನಡದಲ್ಲಿ ಇವೆರಡರ ನಡುವೆ ಮೂರನೆಯದೊಂದು ದಾರಿಯಿದೆ. "ಮಳೆ ಬರಲಿ", "ಒಳ್ಳೆಯದಾಗಲಿ" ಎಂದು ಹಾರೈಸುವಾಗ ಬರುವ "ಅಲಿ" ಪ್ರತ್ಯಯ ಕೇಳುವವನಿಗೆ ಯಾವ ಕೆಲಸವನ್ನೂ ಹೇಳುವುದಿಲ್ಲ, ಆಗಿಯೇ ಆಗುತ್ತದೆಂದು ಮಾತನ್ನೂ ಕೊಡುವುದಿಲ್ಲ. ಆದರೆ ಹಾರೈಕೆ ಚಿಕ್ಕದಾಗಿರಬೇಕು. "ಸಂಪೂರ್ಣ ಗುಣವಾಗಲಿ" ಎಂದರೆ ಮತ್ತೆ ಮುದ್ರಿತ ಕಾರ್ಡಿನ ಭಾಷೆಯೇ ಆಯಿತು. "ಇಂದು ರಾತ್ರಿ ನಿದ್ದೆ ಬರಲಿ" ಎಂದರೆ ಆ ರಾತ್ರಿಯ ಮಟ್ಟಿಗೆ ಅದು ನಿಜವಾದ ಮಾತು.

ಎರಡನೆಯದು ಸಂಬೋಧನೆ. ಮೂವತ್ತು ವರ್ಷಗಳಿಂದ ನೀವು ಅವರನ್ನು "ಪ್ರಿಯ ಗೆಳೆಯ" ಎಂದು ಕರೆದಿದ್ದೀರಾ? ಇಲ್ಲವಾದರೆ ಇಂದು ಕರೆದ ಕೂಡಲೇ ಅವರಿಗೆ ತಾನು ರೋಗಿಯೆಂದು ನೆನಪಾಗುತ್ತದೆ.

ಹಳೆಯ ಕಾಗದಗಳಲ್ಲಿ "ಉಭಯ ಕುಶಲೋಪರಿ" ಎಂದು ಆರಂಭಿಸಿ, ಇತ್ತ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎನ್ನುತ್ತಿದ್ದರು. ಅದೂ ಸಿದ್ಧ ಮಾತೇ, ಇಂದು ಯಾರೂ ಬಳಸುವುದಿಲ್ಲ. ಆದರೂ ಅದರ ಕ್ರಮದಲ್ಲಿ ಒಂದು ಜಾಣತನವಿತ್ತು. ಆ ಎರಡು ಸಾಲು ಮುಗಿಸಿದ ಮೇಲೆ ಮಳೆ, ಬೆಳೆ, ಹಸು ಕರು ಹಾಕಿದ ಸುದ್ದಿಗೆ ಧಾರಾಳವಾಗಿ ಜಾಗ ಉಳಿಯುತ್ತಿತ್ತು.

ಹೊಳೆಬದಿ

ನಾವು ಪರಸ್ಪರ ಕರೆಯುವುದು "ಮಾರಾಯ" ಎಂದೇ. ಬೆಳೆಯ ಸುದ್ದಿ ಎಂದಾಗ ಹೊಳೆಯಿತು: ಅವನ ತೋಟಕ್ಕೆ ಎರಡನೆಯ ಸಲದ ಔಷಧಿ ಹೊಡೆಸುವ ಸಮಯ ದಾಟುತ್ತಿತ್ತು. ಮಲೆನಾಡಿನ ಹೊರಗಿನವರಿಗೆ ಹೇಳುವುದಾದರೆ, ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು ನಲವತ್ತೈದು ದಿನಗಳ ನಂತರ ಮತ್ತೊಮ್ಮೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸದಿದ್ದರೆ ಕಾಯಿಗಳು ಉದುರಿಹೋಗುತ್ತವೆ. ಎರಡು ದಿನ ಮಳೆ ಬಿಡುವು ಕೊಟ್ಟಿದ್ದರಿಂದ ಮರ ಹತ್ತುವ ಕೊನೆಗಾರನನ್ನು ಹಿಡಿದು ತಂದು ಹೊಡೆಸಿದೆ. ಹೊಳೆಬದಿಯ ಸಾಲಿನಲ್ಲಿ ನಾಲ್ಕು ಮರಗಳಿಗೆ ಆಗಲೇ ಕೊಳೆ ಬಂದಿತ್ತು. ಅದನ್ನು ಬರೆಯಬೇಕೇ, ಬಿಡಬೇಕೇ? ಅತ್ತಿಗೆ ಬೇಡವೇ ಬೇಡ ಎನ್ನುತ್ತಾರೆ.

ಎರಡನೆಯ ಕೂದಲು

ಬರೆಯಿರಿ. ನನಗೆ ಎಲ್ಲರೂ ಒಳ್ಳೆಯ ಸುದ್ದಿಯನ್ನೇ ಹೇಳತೊಡಗಿದಾಗ ನನ್ನ ಸ್ಥಿತಿ ಬಹಳ ಕೆಟ್ಟಿದೆ ಎಂದೇ ನಾನು ತಿಳಿದುಕೊಂಡೆ. ನಾಲ್ಕು ಮರದ ಕೊಳೆಯ ಬಗ್ಗೆ ಚಿಂತಿಸುವುದು ಮೂಳೆಮಜ್ಜೆಯ ಬಗ್ಗೆ ಚಿಂತಿಸುವುದಕ್ಕಿಂತ ಎಷ್ಟೋ ಸುಖ.

ಮೂರುಸಾವಿರಮಠ ಓಣಿ

ನನಗೆ ಇದು ಒಪ್ಪಿಗೆಯಿಲ್ಲ. ಹತ್ತಿರ ಕೂತು ನೋಡಿಕೊಳ್ಳುವವಳು ಅವರ ಹೆಂಡತಿ. ಅವನು ರಾತ್ರಿ ನಿದ್ದೆಗೆಟ್ಟರೆ ಎದ್ದು ಕೂರುವವಳೂ ಅವಳೇ. ಅವಳು ಬೇಡವೆಂದ ಮೇಲೆ ಗೆಳೆಯನಿಗೆ ಯಾವ ಅಧಿಕಾರ?

ಎರಡನೆಯ ಕೂದಲು

ಹಾಗೆ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ತೋಟ ಅವರದ್ದು.

ರಾತ್ರಿಪಾಳಿ

ಮರದ ವಿಷಯವನ್ನು ನೀವೇ ನಿರ್ಧರಿಸಿಕೊಳ್ಳಿ, ನನಗೆ ಅಡಿಕೆ ಗೊತ್ತಿಲ್ಲ. ನಾನು ಹೇಳಬೇಕೆಂದುಕೊಂಡದ್ದು "ಏನೇ ಬೇಕಾದರೂ ಹೇಳು" ಎಂಬ ಕೊನೆಯ ಸಾಲಿನ ಬಗ್ಗೆ. ಆ ಸಾಲಿನಿಂದ ಕೇಳುವ ಕೆಲಸ ರೋಗಿಯ ಮೇಲೆ ಬೀಳುತ್ತದೆ, ಯಾರೂ ಕೇಳುವುದಿಲ್ಲ. ಈ ಎರಡು ಮೂರು ವಾರ ಅವರಿಗೆ ಪದೇ ಪದೇ ಪ್ಲೇಟ್‌ಲೆಟ್ ಬೇಕಾಗುತ್ತದೆ. ಸಂಗ್ರಹಿಸಿದ ಚೀಲ ಐದು ದಿನ ಮಾತ್ರ ಉಳಿಯುವುದರಿಂದ ಮೊದಲೇ ಕೂಡಿಡಲೂ ಬರುವುದಿಲ್ಲ, ಹೊಸ ದಾನಿಗಳು ಬರುತ್ತಲೇ ಇರಬೇಕು. ಯಂತ್ರದ ಮೂಲಕ ಕೊಡುವುದಕ್ಕೆ ಒಂದೂವರೆ, ಎರಡು ಗಂಟೆ ಹಿಡಿಯುತ್ತದೆ. ಹಿಂದಿನ ಮೂರು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಮುಂದೆ ಮಜ್ಜೆಯ ಕಸಿ ಬೇಕಾಗಬಹುದು ಎಂಬ ಕಾರಣಕ್ಕೆ ಒಡಹುಟ್ಟಿದವರಿಂದ ರಕ್ತ ಪಡೆಯುವುದನ್ನು ವೈದ್ಯರು ಆದಷ್ಟು ತಪ್ಪಿಸುತ್ತಾರೆ, ಆದ್ದರಿಂದ ಗೆಳೆಯರೇ ಹೆಚ್ಚು ಉಪಯೋಗಕ್ಕೆ ಬರುವವರು. ರಕ್ತನಿಧಿಗೆ ಮೊದಲು ಫೋನ್ ಮಾಡಿ ನಿಮ್ಮ ಗುಂಪು ಹೊಂದುತ್ತದೆಯೇ ಎಂದು ಕೇಳಿ, ಯಾವ ದಿನ ಬರಬೇಕೆಂದು ತಿಳಿದುಕೊಳ್ಳಿ. ಆಮೇಲೆ ದಿನ ಮತ್ತು ಹೊತ್ತನ್ನು ನಮೂದಿಸಿ ಬರೆಯಿರಿ. ಹೋಗಲಾಗದಿದ್ದರೆ ಆ ಸಾಲನ್ನು ಹೊಡೆದುಹಾಕಿ.

ಹೊಳೆಬದಿ

ರಕ್ತನಿಧಿಯಲ್ಲಿ ಮಾತಾಡಿದೆ, ಗುಂಪು ಹೊಂದುತ್ತದೆ, ಶನಿವಾರ ಬರಲು ಹೇಳಿದ್ದಾರೆ. ನಾಲ್ಕು ಮರದ ವಿಷಯವನ್ನು ಉಳಿಸಿಕೊಂಡೆ. ಅತ್ತಿಗೆಗೆ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಿಷ್ಟ" ಎಂದರು. ಅದು ಒಪ್ಪಿಗೆಯೋ ಅಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ. ಇಂದು ಬೆಳಿಗ್ಗೆ ಕಳಿಸಿದ್ದು ಇದು:

"ಮಾರಾಯ,
ಎರಡು ದಿನ ಮಳೆ ಬಿಟ್ಟಿತ್ತು. ನಿನ್ನ ತೋಟಕ್ಕೆ ಎರಡನೆಯ ಸಲದ ಔಷಧಿ ಹೊಡೆಸಿದೆ. ಹೊಳೆಬದಿಯ ಸಾಲಿನಲ್ಲಿ ನಾಲ್ಕು ಮರಕ್ಕೆ ಕೊಳೆ ಬಂದಿದೆ, ಉಳಿದದ್ದು ಸದ್ಯಕ್ಕೆ ಚೆನ್ನಾಗಿದೆ.
ನಿನಗೆ ಹೀಗಾದದ್ದನ್ನು ನನ್ನಿಂದ ಒಪ್ಪಿಕೊಳ್ಳಲು ಆಗುತ್ತಿಲ್ಲ. ಏನು ಬರೆಯಬೇಕೆಂದು ತೋಚದೆ ಇಷ್ಟು ದಿನ ಸುಮ್ಮನಿದ್ದೆ, ಮರೆತಿರಲಿಲ್ಲ.
ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ನಿನ್ನ ಕೋಣೆಗೆ ಬಿಡುವುದಿಲ್ಲವೆಂದು ಗೊತ್ತು. ಶನಿವಾರ ಬೆಳಿಗ್ಗೆ ಪ್ಲೇಟ್‌ಲೆಟ್ ಕೊಟ್ಟು, ಅತ್ತಿಗೆ ಹೋಗಿ ಮಲಗಿ ಬರುವವರೆಗೆ ಕೆಳಗೆ ಕೂತಿರುತ್ತೇನೆ.
ಇಂದು ರಾತ್ರಿ ಬಾಯಿಯ ಉರಿ ಸ್ವಲ್ಪ ಕಡಿಮೆಯಿರಲಿ, ನಿದ್ದೆ ಬರಲಿ. ಉತ್ತರ ಬರೆಯುವುದು ಬೇಡ. ಬುಧವಾರ ಮತ್ತೆ ಬರೆಯುತ್ತೇನೆ."

ಸಕಾರಾತ್ಮಕ ಬದುಕು

ಚೆನ್ನಾಗಿದೆ ಎಂದು ಒಪ್ಪುತ್ತೇನೆ. ಆದರೂ ಒಂದು ಆಶಾದಾಯಕ ಮಾತಾದರೂ ಇರಬೇಕಿತ್ತು. ದೇವರ ಹೆಸರನ್ನೂ ಬಿಟ್ಟಿದ್ದೀರಿ. ನಂಬುವವರಿಗೆ ಅದೇ ದೊಡ್ಡ ಆಸರೆ.

ನಿವೃತ್ತ ಕನ್ನಡ ಪಂಡಿತ

ಅವರು ನಂಬುವವರಾದರೆ ನಿಮ್ಮ ಮಾತು ಸರಿ. ಆದರೆ ಆಗಲೂ "ದೇವರು ಕೈ ಬಿಡುವುದಿಲ್ಲ" ಎನ್ನುವುದಕ್ಕಿಂತ "ಸೋಮವಾರ ದೇವಸ್ಥಾನಕ್ಕೆ ಹೋಗಿದ್ದೆ, ನಿನ್ನ ಹೆಸರಿನಲ್ಲಿ ಪೂಜೆ ಮಾಡಿಸಿದೆ" ಎಂದು ಬರೆಯುವುದು ಮೇಲು. ಮೊದಲನೆಯದರಲ್ಲಿ ದೇವರ ಪರವಾಗಿ ನೀವು ಮಾತು ಕೊಡುತ್ತೀರಿ, ಎರಡನೆಯದರಲ್ಲಿ ನೀವು ಮಾಡಿದ್ದನ್ನು ತಿಳಿಸುತ್ತೀರಿ. "ಮಾಡಿಸಿದೆ" ಎಂದು ಬರೆಯುವುದಾದರೆ ಮಾಡಿಸಿರಲೂ ಬೇಕು, ಅಷ್ಟೇ.

ಹೊಳೆಬದಿ

ಮೂರು ದಿನ ಯಾವ ಉತ್ತರವೂ ಬರಲಿಲ್ಲ. ಓದಿದ್ದಾನೆಂದು ಮಾತ್ರ ತಿಳಿದಿತ್ತು. ಶನಿವಾರ ಪ್ಲೇಟ್‌ಲೆಟ್ ಕೊಟ್ಟು, ಸಂಜೆಯವರೆಗೆ ಕೆಳಗಿನ ಬೆಂಚಿನಲ್ಲಿ ಕೂತಿದ್ದೆ. ಅತ್ತಿಗೆ ನಾಲ್ಕು ಗಂಟೆ ನಿದ್ದೆ ಮಾಡಿ ಬಂದರು. ಭಾನುವಾರ ನಸುಕಿನಲ್ಲಿ, ಮೂರು ಗಂಟೆ ದಾಟಿದ ಮೇಲೆ, ಅವನಿಂದ ಒಂದು ಸಾಲು ಬಂತು: "ಚಾಕು ಅದ್ದಿ ನೋಡಿದ್ದೀಯಾ?"

ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದರಲ್ಲಿ ಅದ್ದಿದ ಕಬ್ಬಿಣದ ಚಾಕಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ನಾನು ಅದ್ದಿ ನೋಡಿರಲಿಲ್ಲ. ಹಾಗೆಂದೇ ಬರೆದೆ.

ಈಗ ನನಗಿರುವ ಅಳುಕು ಇಪ್ಪತ್ತೆಂಟನೆಯ ದಿನದ್ದು. ಪರೀಕ್ಷೆಯ ಫಲಿತಾಂಶ ಏನಾಯಿತೆಂದು ಕೇಳಬೇಕೇ?

ರಾತ್ರಿಪಾಳಿ

ಕೇಳಬೇಡಿ. ಆ ದಿನ ಎಲ್ಲರೂ ಕೇಳುತ್ತಾರೆ, ಫಲಿತಾಂಶ ಕೆಟ್ಟದಾಗಿದ್ದರೆ ಅವರು ಅದನ್ನು ಇಪ್ಪತ್ತು ಜನರಿಗೆ ಇಪ್ಪತ್ತು ಸಲ ಹೇಳಬೇಕಾಗುತ್ತದೆ. ವರದಿ ಕೈಗೆ ಬರಲು ಕೆಲವು ದಿನಗಳೂ ಆಗಬಹುದು. ಪರೀಕ್ಷೆಯ ಹಿಂದಿನ ಸಂಜೆ ಎಂದಿನಂತೆ ತೋಟದ ಸುದ್ದಿ ಬರೆದು, ಫಲಿತಾಂಶವನ್ನು ಅವನಿಗೆ ಬೇಕೆನಿಸಿದಾಗ ಹೇಳಬಹುದು, ಹೇಳದಿದ್ದರೂ ಬುಧವಾರದ ಕಾಗದ ಬರುತ್ತದೆ ಎಂದಷ್ಟು ಸೇರಿಸಿ. ಒಮ್ಮೆ ಹಾಗೆ ಬರೆದ ಮೇಲೆ ಬುಧವಾರ ತಪ್ಪಿಸಬೇಡಿ. ಕಣಗಳು ಏರಿ ಅವರು ಮನೆಗೆ ಹೋದ ಮೇಲೂ ಇನ್ನೂ ಹಲವು ಸುತ್ತಿನ ಔಷಧಿ ಬಾಕಿಯಿರುತ್ತದೆ. ಸಂದೇಶಗಳು ನಿಂತುಹೋಗುವುದು ಸಾಮಾನ್ಯವಾಗಿ ಆಗಲೇ.

ಎರಡನೆಯ ಕೂದಲು

ನನಗೂ ಮೂರನೆಯ ಸುತ್ತಿನ ಹೊತ್ತಿಗೆ ತಂಗಿಯ ಕೋಳಿಗಳು ಮಾತ್ರ ಉಳಿದಿದ್ದವು. ಹೊಳೆಬದಿಯವರೇ, ಆ ನಾಲ್ಕು ಮರಗಳು ಏನಾದವೆಂದು ಇಲ್ಲಿಯೂ ತಿಳಿಸಿ.